ಒಟಿಪಿ, ಪಿನ್, ‘ಅಪ್ರೂವ್’ ಬಟನ್: ಯಾವುದು ಯಾತಕ್ಕೆ ಒಪ್ಪಿಗೆ?

ಪ್ರಶ್ನೆ: ಸರ್, ನಾನು ನಿವೃತ್ತ ಶಿಕ್ಷಕಿ, ಹಾಸನದಲ್ಲಿದ್ದೇನೆ. ಕಾರ್ಡಿನಲ್ಲಿ ಏನಾದರೂ ತರಿಸಿದರೆ ಮೆಸೇಜಿನಲ್ಲಿ ಒಟಿಪಿ ಬರುತ್ತದೆ. ಯುಪಿಐನಲ್ಲಿ ಕಳಿಸಿದರೆ ಒಟಿಪಿ ಬರುವುದೇ ಇಲ್ಲ, ಪಿನ್ ಮಾತ್ರ ಕೇಳುತ್ತದೆ. ಜರ್ಮನಿಯಲ್ಲಿರುವ ಮಗಳಿಗೆ ಇವೆರಡೂ ಇಲ್ಲ, ಬ್ಯಾಂಕಿನ ಆ್ಯಪ್ ತೆರೆದು ಬೆರಳಿಟ್ಟರೆ ಮುಗಿಯಿತಂತೆ. ಮೂರೂ ಒಂದೇ ಕೆಲಸಕ್ಕಲ್ಲವೇ? ಯಾವುದು ಹೆಚ್ಚು ಭದ್ರ?

ಉತ್ತರ: ಮೂರರ ಕೊನೆಗೂ ಆಗುವುದು ಒಂದೇ, ಮೇಡಂ: ಖಾತೆಯಿಂದ ದುಡ್ಡು ಹೋಗುತ್ತದೆ. ಆದರೆ ಬ್ಯಾಂಕು ಮೂರು ಕಡೆಯೂ ಬೇರೆ ಬೇರೆ ಪ್ರಶ್ನೆ ಕೇಳುತ್ತಿರುತ್ತದೆ. ಒಟಿಪಿ ಕೇಳುವುದು ‘ಈ ನಂಬರಿಗೆ ಕಳಿಸಿದ ಮೆಸೇಜು ನಿಮ್ಮ ಕೈ ಸೇರಿತಾ?’ ಅಂತ. ಯುಪಿಐ ಪಿನ್ ಕೇಳುವುದು ‘ನಾವು ಗುರುತಿಟ್ಟುಕೊಂಡ ಫೋನನ್ನು ಹಿಡಿದಿರುವವರು ನೀವೇನಾ?’ ಅಂತ. ನಿಮ್ಮ ಮಗಳ ಆ್ಯಪ್ ಕೇಳುವುದು ‘ಇಂಥ ಅಂಗಡಿಗೆ ಇಷ್ಟು ಯೂರೋ, ಇದಕ್ಕೆ ಒಪ್ಪಿಗೆಯಾ?’ ಅಂತ. ಈ ವ್ಯತ್ಯಾಸ ಎಲ್ಲಿ ಕಾಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಒಂದು ಮಿಕ್ಸಿ ಕೊಳ್ಳುತ್ತಲೇ ನೋಡೋಣ. ಬೆಲೆ 4,350 ರೂಪಾಯಿ ಅಂತಿಟ್ಟುಕೊಳ್ಳಿ.

ಮೊದಲು ಕಾರ್ಡು. ಅಂಗಡಿಯ ಪುಟದಲ್ಲಿ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ಸಿವಿವಿ ಹಾಕುತ್ತೀರಿ. ಆಮೇಲೆ ಪುಟ ಬದಲಾಗುತ್ತದೆ, ಗಮನಿಸಿದ್ದೀರಾ? ಆ ಹೊಸ ಪುಟ ಅಂಗಡಿಯದಲ್ಲ, ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿನದು. ಅಂಗಡಿಯ ಕೋರಿಕೆ ಕಾರ್ಡ್ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ಹೋಗಿದೆ. ಬ್ಯಾಂಕಿನ ಕಂಪ್ಯೂಟರ್ ಈ ಒಂದು ವಹಿವಾಟಿಗೆಂದೇ ಒಂದು ಸಂಖ್ಯೆ ಹುಟ್ಟಿಸಿ, ನಿಮ್ಮ ಮೊಬೈಲಿಗೆ ಕಳಿಸಿದೆ. ಮೆಸೇಜು ಹೆಚ್ಚುಕಡಿಮೆ ಹೀಗಿರುತ್ತದೆ:

```
482915 is the OTP for Rs 4350.00 at
HOME APPLIANCES on card ending 1234.
Do not share with anyone.
```

ನಮ್ಮಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ ಈ ಎರಡನೇ ತಪಾಸಣೆಯನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ್ದು 2009ರ ಆಗಸ್ಟ್ 1ರಿಂದ. ಆರಂಭದ ದಿನಗಳಲ್ಲಿ ಇದಕ್ಕೆಂದೇ ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಬೇಕಿತ್ತು. ಜನ ಅದನ್ನು ಮರೆಯುತ್ತಿದ್ದರು, ಇಲ್ಲವೇ ಡೈರಿಯಲ್ಲಿ ಬರೆದಿಡುತ್ತಿದ್ದರು. ಕ್ರಮೇಣ ಒಟಿಪಿ ಆ ಜಾಗಕ್ಕೆ ಬಂತು. ಅದರ ದೊಡ್ಡ ಗುಣವೇ ಇದು: ನೆನಪಿಡಬೇಕಿಲ್ಲ, ಒಮ್ಮೆ ಬಳಸಿದರೆ ಅಥವಾ ಕೆಲವು ನಿಮಿಷ ಕಳೆದರೆ ಸತ್ತುಹೋಗುತ್ತದೆ. ನಿನ್ನೆಯ ಒಟಿಪಿ ಕದ್ದವನಿಗೆ ಏನೂ ಸಿಗುವುದಿಲ್ಲ.

ದೋಷ ಇರುವುದು ಬೇರೆ ಕಡೆ. ಒಟಿಪಿ ವಹಿವಾಟಿಗೆ ಅಂಟಿಕೊಂಡಿದೆಯೇ ಹೊರತು ನಿಮ್ಮ ಫೋನಿಗೆ ಅಂಟಿಕೊಂಡಿಲ್ಲ. ಆರಂಕಿಯನ್ನು ಬಾಯಲ್ಲಿ ಹೇಳಬಹುದು, ಚೀಟಿಯಲ್ಲಿ ಬರೆಯಬಹುದು, ವಾಟ್ಸ್‌ಆ್ಯಪಿನಲ್ಲಿ ಕಳಿಸಬಹುದು. ಅದನ್ನು ಪುಟದಲ್ಲಿ ಒತ್ತಿದ್ದು ಹಾಸನದ ನೀವೋ, ಬೇರೆ ರಾಜ್ಯದಲ್ಲಿ ಕೂತ ಯಾರೋ ಅನ್ನುವುದು ಆ ಸಂಖ್ಯೆಯಿಂದ ಬ್ಯಾಂಕಿಗೆ ತಿಳಿಯುವುದಿಲ್ಲ. ಅದಕ್ಕೇ ಒಟಿಪಿ ಮೋಸಗಳು ಹೆಚ್ಚಾಗಿ ಮಾತಿನ ಮೋಸಗಳು.

ಇನ್ನೊಂದು ದಾರಿಯೂ ಇದೆ: ಮೆಸೇಜನ್ನೇ ಕದಿಯುವುದು. ‘ಮದುವೆ ಕರೆಯೋಲೆ’, ‘ಟ್ರಾಫಿಕ್ ದಂಡದ ಚಲನ್’ ಅಂತ ವಾಟ್ಸ್‌ಆ್ಯಪಿನಲ್ಲಿ ಬರುವ .apk ಫೈಲುಗಳ ಕೆಲಸ ಅದೇ. ತೆರೆದರೆ ಕರೆಯೋಲೆ ಕಾಣುವುದಿಲ್ಲ, ಒಂದು ಆ್ಯಪ್ ಕೂತುಕೊಳ್ಳುತ್ತದೆ. ‘ಎಸ್‌ಎಂಎಸ್ ಓದಲು ಅನುಮತಿ ಕೊಡಿ’ ಅನ್ನುತ್ತದೆ, ನಾವು ಸುಮ್ನೆ ಒತ್ತಿಬಿಡುತ್ತೇವೆ. ಅಲ್ಲಿಂದ ಮುಂದೆ ಒಟಿಪಿ ನಿಮಗೂ ಬರುತ್ತದೆ, ಅವರಿಗೂ ಹೋಗುತ್ತದೆ. ಕೆಲವು ಸಲ ನಿಮಗೆ ಕಾಣುವ ಮೊದಲೇ ಅಳಿಸಿಹೋಗಿರುತ್ತದೆ. ನಿಮ್ಮ ಮಗಳಿರುವ ಜರ್ಮನಿಯಲ್ಲಿ 2017ರಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ನಡೆದಿತ್ತು. ಕಳ್ಳರು ಮೊದಲು ಗ್ರಾಹಕರ ಬ್ಯಾಂಕ್ ಪಾಸ್‌ವರ್ಡ್ ಕದ್ದರು. ಆಮೇಲೆ ಟೆಲಿಫೋನ್ ಕಂಪನಿಗಳು ಪರಸ್ಪರ ಮಾತಾಡಿಕೊಳ್ಳುವ ಎಸ್‌ಎಸ್7 ಅನ್ನುವ ಹಳೆಯ ವ್ಯವಸ್ಥೆಯೊಳಗೆ ನುಗ್ಗಿ, ಆ ಗ್ರಾಹಕರ ಮೆಸೇಜುಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು. ಗ್ರಾಹಕರು ಒಂದಕ್ಷರ ಯಾರಿಗೂ ಹೇಳಿರಲಿಲ್ಲ.

ಈಗ ಅದೇ ಮಿಕ್ಸಿಯನ್ನು ಯುಪಿಐನಲ್ಲಿ ಕೊಳ್ಳೋಣ. ಕ್ಯೂಆರ್ ಸ್ಕ್ಯಾನ್ ಮಾಡಿದಿರಿ, 4,350 ಅಂತ ಪರದೆಯಲ್ಲಿ ಬಂತು, ಪಿನ್ ಒತ್ತಿದಿರಿ, ಮುಗಿಯಿತು. ಒಟಿಪಿ ಯಾಕೆ ಬರಲಿಲ್ಲ? ಯಾಕೆಂದರೆ ‘ಈ ನಂಬರ್ ಇವರದ್ದೇನಾ’ ಅನ್ನುವ ಪ್ರಶ್ನೆಗೆ ಉತ್ತರವನ್ನು ಬ್ಯಾಂಕು ಆ್ಯಪ್ ಹಾಕಿಕೊಂಡ ದಿನವೇ ತೆಗೆದುಕೊಂಡಿದೆ. ನೆನಪು ಮಾಡಿಕೊಳ್ಳಿ: ಮೊದಲ ಸಲ ಆ್ಯಪ್ ತೆರೆದಾಗ ಯಾವ ಸಿಮ್ ಅಂತ ಕೇಳಿತು, ‘ನಿಮ್ಮ ನಂಬರ್ ಪರಿಶೀಲಿಸುತ್ತಿದ್ದೇವೆ’ ಅಂತ ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆ ಹೊತ್ತಿನಲ್ಲಿ ನಿಮ್ಮ ಫೋನೇ ಒಂದು ಮೆಸೇಜು ಕಳಿಸಿತು. ಒಟಿಪಿಯಲ್ಲಿ ಮೆಸೇಜು ಒಳಗೆ ಬರುತ್ತದೆ, ಇಲ್ಲಿ ಹೊರಗೆ ಹೋಗುತ್ತದೆ. ಅದರಲ್ಲಿ ಆ ಫೋನಿಗೆ ಸೇರಿದ ಒಂದು ಉದ್ದನೆಯ ಗುರುತು ಇರುತ್ತದೆ. ಯಾವ ಸಿಮ್ಮಿನಿಂದ ಬಂತು ಅಂತ ನೆಟ್‌ವರ್ಕೇ ಹೇಳುತ್ತದೆ. ಹೀಗೆ ನಂಬರ್ ಮತ್ತು ಫೋನ್ ಎರಡಕ್ಕೂ ಗಂಟು ಬೀಳುತ್ತದೆ. ಇದನ್ನು ನಮ್ಮ ಕಡೆ ಡಿವೈಸ್ ಬೈಂಡಿಂಗ್ ಅನ್ನುತ್ತಾರೆ. ಸಿಮ್ಮಿನಲ್ಲಿ ಮೆಸೇಜ್ ಕಳಿಸಲು ಬ್ಯಾಲೆನ್ಸ್ ಇಲ್ಲದಿದ್ದರೆ ಯುಪಿಐ ನೋಂದಣಿ ಆಗದೆ ಒದ್ದಾಡುವುದು ಇದೇ ಕಾರಣಕ್ಕೆ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಮತ್ತೆ ಪರಿಶೀಲನೆ ಕೇಳುವುದೂ ಅದಕ್ಕೇ.

ಹಾಗಾಗಿ ಯುಪಿಐನಲ್ಲಿ ಫೋನು ಮೊದಲನೇ ಕೀಲಿ, ಪಿನ್ ಎರಡನೆಯದು. ನಿಮ್ಮ ಪಿನ್ ಗೊತ್ತಿರುವವನು ಅದನ್ನು ತನ್ನ ಫೋನಿನಲ್ಲಿ ಒತ್ತಿದರೆ ಪ್ರಯೋಜನವಿಲ್ಲ.

ಪಿನ್ ಒತ್ತುವ ಪುಟವೂ ಸ್ವಲ್ಪ ವಿಶೇಷದ್ದು. ನೀವು ಯಾವ ಕಂಪನಿಯ ಆ್ಯಪ್ ಬಳಸಿದರೂ ಆ ಪುಟ ಒಂದೇ ಥರ ಕಾಣುತ್ತದೆ, ಅಲ್ವಾ? ಅದು ಆ ಆ್ಯಪಿನದಲ್ಲ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಕೊಟ್ಟ ತುಂಡು. ನೀವು ಒತ್ತಿದ ಅಂಕಿಗಳು ಅಲ್ಲೇ ಗೂಢಲಿಪಿಯಾಗಿ, ಈ ವಹಿವಾಟಿನ ವಿವರದ ಜೊತೆ ಬ್ಯಾಂಕಿಗೆ ಹೋಗುತ್ತವೆ. ಆ್ಯಪಿನವರಿಗೆ ನಿಮ್ಮ ಪಿನ್ ಗೊತ್ತಿರುವುದಿಲ್ಲ. ಸರಿಯೋ ತಪ್ಪೋ ನೋಡುವುದು ನಿಮ್ಮ ಬ್ಯಾಂಕು. ಅದಕ್ಕೇ ಪಿನ್ ಮರೆತರೆ ಆ್ಯಪಿನ ಸಹಾಯವಾಣಿಯವರು ಹೇಳಲಾರರು. ಹೇಳುತ್ತೇನೆ ಅಂದವನು ಸಹಾಯವಾಣಿಯವನಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು, ಯಾಕೆಂದರೆ ‘ಪಿನ್’ ಅನ್ನುವ ಹೆಸರಲ್ಲಿ ಕಡಿಮೆಯೆಂದರೂ ಮೂರು ವಸ್ತುಗಳಿವೆ. ಆ್ಯಪ್ ತೆರೆಯುವಾಗ ಕೇಳುವುದು ನಿಮ್ಮ ಫೋನಿನ ಸ್ಕ್ರೀನ್ ಲಾಕ್. ಅದು ಫೋನಿನೊಳಗೇ ತೀರ್ಮಾನವಾಗುತ್ತದೆ, ಬ್ಯಾಂಕಿಗೆ ಹೋಗುವುದಿಲ್ಲ. ಬ್ಯಾಂಕಿನ ಸ್ವಂತ ಆ್ಯಪಿಗೆ ಹೋಗಲು ಎಂಪಿನ್ ಇರುತ್ತದೆ. ಅದರಿಂದ ಒಳಗೆ ಹೋಗಬಹುದು, ಆದರೆ ಹಣ ಕಳಿಸುವ ಹಂತದಲ್ಲಿ ಬ್ಯಾಂಕು ಮತ್ತೊಂದು ಪಿನ್ ಅಥವಾ ಒಟಿಪಿ ಕೇಳುವುದುಂಟು. ಮೂರನೆಯದು ನಾಲ್ಕು ಅಥವಾ ಆರಂಕಿಯ ಯುಪಿಐ ಪಿನ್. ದುಡ್ಡು ಹೊರಡುವುದು ಇದರಿಂದ. ಹೊರಡುವುದು ಮಾತ್ರ. ದುಡ್ಡು ಬರಲು ಯುಪಿಐ ಪಿನ್ ಎಂದೂ ಬೇಕಿಲ್ಲ. ಹಳೇ ಸೋಫಾ ಕೊಳ್ಳುತ್ತೇನೆ ಅಂದವನು ‘ಹಣ ಕಳಿಸಿದ್ದೇನೆ, ಪಡೆಯಲು ಪಿನ್ ಒತ್ತಿ’ ಅಂದರೆ ಅಲ್ಲಿಗೇ ಫೋನಿಡಬಹುದು. ಈ ಮೋಸಕ್ಕೆ ಹಿಂದೆ ತುಂಬ ಬಳಕೆಯಾಗುತ್ತಿದ್ದ, ಒಬ್ಬರಿಂದ ಇನ್ನೊಬ್ಬರು ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಆದರೂ ಕ್ಯೂಆರ್ ಕಳಿಸಿ ಅದೇ ಮಾತು ಹೇಳುವವರು ಇದ್ದಾರೆ.

ಪಿನ್ನಿನ ದೌರ್ಬಲ್ಯ ಒಟಿಪಿಯದಕ್ಕೆ ತಿರುವುಮುರುವು. ಅದು ಫೋನಿಗೆ ಅಂಟಿದೆ, ಆದರೆ ಪ್ರತಿ ವಹಿವಾಟಿಗೂ ಅದೇ ಅಂಕಿಗಳು. ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಅದೇ, ಐವತ್ತು ಸಾವಿರಕ್ಕೂ ಅದೇ. ಅಂಗಡಿಯಲ್ಲಿ ಹಿಂದೆ ನಿಂತವನು ನೋಡಿಕೊಂಡು, ಆಮೇಲೆ ಬಸ್ಸಿನಲ್ಲಿ ಫೋನನ್ನೂ ಎಗರಿಸಿದರೆ, ಸ್ಕ್ರೀನ್ ಲಾಕ್ ಒಂದೇ ನಡುವೆ ನಿಲ್ಲುವುದು. ಆ ಲಾಕ್ ಕೂಡ 1234 ಆಗಿದ್ದರೆ ಆಟ ಮುಗಿಯಿತು. ಇನ್ನು ‘ನಿಮ್ಮ ಫೋನ್ ಸರಿಮಾಡುತ್ತೇನೆ’ ಅಂತ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸುವವರ ಗುರಿಯೂ ಮೆಸೇಜು ಮತ್ತು ಪಿನ್ ಎರಡನ್ನೂ ನೋಡುವುದು.

ಈಗ ಮಗಳ ಕಡೆ ಬರೋಣ. ಯುರೋಪಿನಲ್ಲಿ 2019ರ ಸೆಪ್ಟೆಂಬರ್ 14ರಿಂದ ಅನ್ವಯವಾದ ನಿಯಮದಲ್ಲಿ ಒಂದು ಒಳ್ಳೆಯ ಷರತ್ತಿದೆ. ಆನ್‌ಲೈನ್ ಪಾವತಿಯ ದೃಢೀಕರಣ ಆ ಮೊತ್ತಕ್ಕೆ ಮತ್ತು ಆ ಪಡೆಯುವವರಿಗೆ ಕಟ್ಟಿಹಾಕಿರಬೇಕು. ಇವೆರಡರಲ್ಲಿ ಒಂದು ಬದಲಾದರೂ ಅದು ಅಸಿಂಧು. ಮಗಳು ಅಲ್ಲಿ 49 ಯೂರೋದ ಮಿಕ್ಸಿ ಕೊಂಡರೆ ನಡೆಯುವುದು ಹೀಗೆ. ಕಾರ್ಡ್ ನಂಬರ್ ಹಾಕಿದ ಮೇಲೆ ಅಂಗಡಿಯ ಪುಟ ಕಾಯುತ್ತದೆ. ಬ್ಯಾಂಕು ಆಕೆಯ ಫೋನಿನ ಆ್ಯಪಿಗೆ ಅಂಗಡಿಯ ಹೆಸರು, 49 ಯೂರೋ ಅನ್ನುವ ವಿವರ ಕಳಿಸುತ್ತದೆ. ಆಕೆ ಓದಿ ಬೆರಳಿಡುತ್ತಾಳೆ. ಬೆರಳಚ್ಚು ಬ್ಯಾಂಕಿಗೆ ಹೋಗುವುದಿಲ್ಲ, ಅದು ಫೋನಿನೊಳಗಿನ ಒಂದು ಪೆಟ್ಟಿಗೆಯನ್ನು ತೆರೆಯುತ್ತದೆ ಅಷ್ಟೇ. ಆ ಪೆಟ್ಟಿಗೆಯಲ್ಲಿ ನೋಂದಣಿಯ ದಿನ ಹುಟ್ಟಿದ ಒಂದು ರಹಸ್ಯ ಕೀಲಿಯಿದೆ. ಅದು ಆ ಪೆಟ್ಟಿಗೆಯಿಂದ ಎಂದೂ ಹೊರಗೆ ಬರುವುದಿಲ್ಲ. ಆ ಕೀಲಿ ‘ಈ ಅಂಗಡಿ, 49 ಯೂರೋ’ ಅನ್ನುವ ವಿವರದ ಮೇಲೆ ಸಹಿ ಹಾಕುತ್ತದೆ. ಸಹಿ ಮಾತ್ರ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನ ಬಳಿ ಅದರ ಜೋಡಿ ಕೀಲಿ ಇರುತ್ತದೆ. ಅದರಿಂದ ಸಹಿ ನಿಜವೋ ಅಂತ ನೋಡಬಹುದು, ಹೊಸ ಸಹಿ ಹಾಕಲಾಗದು.

ಇದರಲ್ಲಿ ಫೋನಿನಲ್ಲಿ ಓದಿ ಹೇಳುವಂಥದ್ದು ಏನೂ ಇಲ್ಲ. ‘ನಿಮಗೆ ಬಂದ ನಂಬರ್ ಹೇಳಿ’ ಅಂದವನಿಗೆ ಕೊಡಲು ಆಕೆಯ ಹತ್ತಿರ ನಂಬರೇ ಇಲ್ಲ. ವಹಿವಾಟಿಗೂ ಅಂಟಿದೆ, ಫೋನಿಗೂ ಅಂಟಿದೆ. ಇಂಟರ್‌ನೆಟ್ ಇದ್ದರೆ ಸಾಕು, ಮೆಸೇಜಿಗೆ ಕಾಯಬೇಕಿಲ್ಲ. ಆಕೆ ಹಾಸನಕ್ಕೆ ಬಂದಾಗ ಜರ್ಮನಿಯ ಸಿಮ್ ಆಫ್ ಆಗಿದ್ದರೂ ಮನೆಯ ವೈಫೈನಲ್ಲಿ ಕೆಲಸ ನಡೆಯುತ್ತದೆ. ಅದೇ ನೀವು ಆಕೆಯ ಮನೆಗೆ ಹೋದಾಗ ನಿಮ್ಮ ಸಿಮ್ಮಿಗೆ ರೋಮಿಂಗ್ ಇಲ್ಲದಿದ್ದರೆ ಕಾರ್ಡಿನ ಒಟಿಪಿ ಬರುವುದೇ ಇಲ್ಲ.

ಹಾಗಾದರೆ ಇದೇ ಎಲ್ಲಕ್ಕಿಂತ ಭದ್ರ ಅನ್ನಬಹುದೇ? ತಾಂತ್ರಿಕವಾಗಿ ಹೌದು ಅಂತಲೇ ನನ್ನ ಅಭಿಪ್ರಾಯ. ಆದರೆ ಅದರ ಭಾರವೆಲ್ಲ ಆ ಒಂದು ಸಾಲನ್ನು ಓದುವ ಕಣ್ಣಿನ ಮೇಲೆ ಬಿದ್ದಿದೆ. ಒಟಿಪಿ ಬರೆಯಲು ಅರ್ಧ ನಿಮಿಷವಾದರೂ ಬೇಕು, ಅಷ್ಟರಲ್ಲಿ ‘ಅರೆ, ಇದೇನು’ ಅನ್ನಿಸಬಹುದು. ಬೆರಳಿಡಲು ಒಂದು ಕ್ಷಣ ಸಾಕು. ಕಳ್ಳ ಆಕೆಯ ಕಾರ್ಡ್ ನಂಬರ್ ಹಾಕಿ 900 ಯೂರೋದ ಫೋನ್ ಕೊಳ್ಳಲು ಶುರುಮಾಡಿ, ಬ್ಯಾಂಕಿನವನಂತೆ ಕರೆ ಮಾಡಿ ‘ಮೋಸದ ವಹಿವಾಟು ಬಂದಿದೆ, ರದ್ದು ಮಾಡಲು ಈಗ ಬರುವ ಸೂಚನೆಗೆ ಒಪ್ಪಿಗೆ ಕೊಡಿ’ ಅಂದರೆ? ಪರದೆಯಲ್ಲಿ 900 ಯೂರೋ ಅಂತ ನೀಟಾಗಿ ಬರೆದಿರುತ್ತದೆ. ಗಾಬರಿಯಲ್ಲಿ ಅದು ಕಾಣುವುದಿಲ್ಲ. ರದ್ದು ಮಾಡಲು ಒಪ್ಪಿಗೆ ಬೇಕಿಲ್ಲ, ನಿರಾಕರಿಸಿದರೆ ಸಾಕು. ಇದನ್ನು ಮಗಳಿಗೂ ಒಮ್ಮೆ ಹೇಳಿಬಿಡಿ.

ಅಂದಹಾಗೆ ನಮ್ಮಲ್ಲೂ ಗೆರೆ ಮಸುಕಾಗುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಯುಪಿಐಗೂ ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸುವ ದಾರಿ ತಂದರು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1 ಜಾರಿ ದಿನವಾದ ನಿರ್ದೇಶನ ಒಟಿಪಿಯನ್ನು ನಿಷೇಧಿಸಿಲ್ಲ. ಅದು ಹೇಳುವುದು ಎರಡು ಬೇರೆ ಬೇರೆ ಪುರಾವೆ ಇರಬೇಕು, ಅವುಗಳಲ್ಲಿ ಒಂದಾದರೂ ಆ ವಹಿವಾಟಿಗೇ ವಿಶಿಷ್ಟವಾಗಿರಬೇಕು ಅಂತ. ಆದ್ದರಿಂದ ನಿಮ್ಮ ಕಾರ್ಡಿನ ಬ್ಯಾಂಕೂ ಮುಂದೊಂದು ದಿನ ಮೆಸೇಜು ಬಿಟ್ಟು ‘ಆ್ಯಪಿನಲ್ಲಿ ಒಪ್ಪಿ’ ಅಂದರೆ ಗಾಬರಿ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ನಿಜವಾಗಿ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಪಾವತಿಯ ಹೊತ್ತಿಗಿಂತ ನೋಂದಣಿಯ ಹೊತ್ತು ಜಾಸ್ತಿ ಅಪಾಯದ್ದು. ಪಿನ್ ಇರಲಿ, ಬೆರಳಿರಲಿ, ಎರಡೂ ನಿಂತಿರುವುದು ‘ಈ ಫೋನು ಇವರದ್ದು’ ಅನ್ನುವ ಗಂಟಿನ ಮೇಲೆ. ಆ ಗಂಟನ್ನು ಕಳ್ಳ ತನ್ನ ಫೋನಿಗೆ ಹಾಕಿಕೊಂಡರೆ ಮುಂದಿನ ಒಪ್ಪಿಗೆಗಳೆಲ್ಲ ಅವನವು. ಹೇಗೆ ಅಂತ ಹೆಜ್ಜೆಹೆಜ್ಜೆಯಾಗಿ ನೋಡಿ.

‘ಪಿಂಚಣಿ ವಿಭಾಗದಿಂದ’ ಅಂತ ಕರೆ ಬರುತ್ತದೆ. ಜೀವಂತ ಪ್ರಮಾಣಪತ್ರ ಅಪ್‌ಡೇಟ್ ಆಗಿಲ್ಲವಂತೆ. ‘ನಿಮಗೊಂದು ಮೆಸೇಜ್ ಕಳಿಸಿದ್ದೇನೆ, ಅದರಲ್ಲಿರುವುದನ್ನು ಹಾಗೇ ಈ ನಂಬರಿಗೆ ಫಾರ್ವರ್ಡ್ ಮಾಡಿ’ ಅನ್ನುತ್ತಾನೆ. ತೆರೆದರೆ ಅರ್ಥವಿಲ್ಲದ ಉದ್ದನೆಯ ಅಕ್ಷರಗಳ ಸಾಲು. ಒಟಿಪಿ ಥರ ಕಾಣುವುದಿಲ್ಲ, ರೂಪಾಯಿ ಮಾತೇ ಇಲ್ಲ. ಕಳಿಸಿಬಿಡುತ್ತೀರಿ. ಆದರೆ ಆ ಸಾಲು ಅವನ ಫೋನಿನ ಗುರುತು, ಮತ್ತು ಅದು ಈಗ ನಿಮ್ಮ ಸಿಮ್ಮಿನಿಂದ ಹೋಗಿದೆ. ಗಂಟು ಬಿತ್ತು. ಇನ್ನು ಅವನಿಗೆ ಬೇಕಿರುವುದು ಹೊಸ ಯುಪಿಐ ಪಿನ್. ಅದಕ್ಕೆ ಡೆಬಿಟ್ ಕಾರ್ಡಿನ ಕೊನೆಯ ಆರಂಕಿ ಮತ್ತು ಅವಧಿ ಮುಗಿಯುವ ತಿಂಗಳು ಬೇಕು. ‘ಪೂರ್ತಿ ನಂಬರ್ ಬೇಡ ಮೇಡಂ, ಸೇಫ್ಟಿಗೋಸ್ಕರ ಕೊನೆಯ ಆರು ಮಾತ್ರ ಹೇಳಿ’ ಅನ್ನುತ್ತಾನೆ. ಎಷ್ಟು ಸಭ್ಯ! ಆಮೇಲೆ ಬ್ಯಾಂಕಿನಿಂದ ಒಂದು ಒಟಿಪಿ ಬರುತ್ತದೆ:

```
731604 is the OTP to set your UPI PIN.
Do not share with anyone.
```

ಮೊದಲ ಮೆಸೇಜಿನ ಜೊತೆ ಹೋಲಿಸಿ. ಇದರಲ್ಲಿ ಅಂಗಡಿಯಿಲ್ಲ, ಮೊತ್ತವಿಲ್ಲ. ‘ದುಡ್ಡಿನ ಮಾತೇ ಇಲ್ಲವಲ್ಲ, ಹೇಳಿದರೇನು’ ಅನ್ನಿಸುತ್ತದೆ. ಆದರೆ 4,350 ರೂಪಾಯಿಯ ಒಟಿಪಿ ಕೊಟ್ಟರೆ ಹೋಗುವುದು 4,350 ಮಾತ್ರ. ಇದನ್ನು ಕೊಟ್ಟರೆ ಖಾತೆಯ ಬಾಗಿಲೇ ಅವನ ಕೈಗೆ. ಮೊತ್ತ ಇಲ್ಲದ ಒಟಿಪಿ ಮೊತ್ತ ಇರುವ ಒಟಿಪಿಗಿಂತ ದೊಡ್ಡದು. ಹೊಸ ಫೋನಿನಲ್ಲಿ ಬ್ಯಾಂಕ್ ಆ್ಯಪ್ ನೋಂದಣಿ, ಪಾಸ್‌ವರ್ಡ್ ಬದಲಾವಣೆ, ಹೊಸ ಖಾತೆಯನ್ನು ಪಾವತಿ ಪಟ್ಟಿಗೆ ಸೇರಿಸುವುದು ಇವೆಲ್ಲವೂ ಅದೇ ಜಾತಿಯ ಮೆಸೇಜುಗಳು. ಸಮಾಧಾನವೆಂದರೆ ಹೊಸ ಫೋನಿನಲ್ಲಿ ಯುಪಿಐ ಶುರುವಾದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ. ನೀವು ಅದೇ ದಿನ ಎಚ್ಚೆತ್ತರೆ ಉಳಿದದ್ದು ಉಳಿಯುತ್ತದೆ.

ಗಂಟು ಕದಿಯುವ ಇನ್ನೊಂದು ದಾರಿ ನಿಮ್ಮ ನಂಬರಿನಲ್ಲಿ ಬೇರೆಯವರು ಹೊಸ ಸಿಮ್ ತೆಗೆಸುವುದು. ಇದರ ಲಕ್ಷಣ ಸ್ಪಷ್ಟ: ಅಕ್ಕಪಕ್ಕದವರಿಗೆಲ್ಲ ನೆಟ್‌ವರ್ಕ್ ಇದೆ, ನಿಮ್ಮ ಫೋನಿನಲ್ಲಿ ಮಾತ್ರ ಗಂಟೆಗಟ್ಟಲೆ ಇಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿನ ಮೆಸೇಜು ತಡೆಹಿಡಿಯಬೇಕು ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದ್ದು ಈ ಕಾರಣಕ್ಕೆ. ಹಾಗಾದ ದಿನ ‘ನಾಳೆ ಸರಿಹೋಗುತ್ತೆ ಬಿಡು’ ಅಂತ ಮಲಗಬೇಡಿ, ಬೇರೆ ಫೋನಿನಿಂದ ಮೊಬೈಲ್ ಕಂಪನಿಗೆ ಕರೆ ಮಾಡಿ. ಜರ್ಮನಿಯ ಹಲವು ಬ್ಯಾಂಕುಗಳು ಹೊಸ ಫೋನು ನೋಂದಾಯಿಸಲು ಮನೆ ವಿಳಾಸಕ್ಕೆ ಅಂಚೆಯಲ್ಲಿ ಕ್ಯೂಆರ್ ಇರುವ ಕಾಗದ ಕಳಿಸುತ್ತವೆ. ಈ ಕಾಲದಲ್ಲೂ ಅಂಚೆಯೇ ಅಂತ ಮಗಳು ಗೊಣಗಿರಬಹುದು. ಆದರೆ ಕಳ್ಳನಿಗೆ ಮೆಸೇಜಿಗಿಂತ ಅಂಚೆಪೆಟ್ಟಿಗೆ ಕಷ್ಟ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ನಾನಾಗಿದ್ದರೆ ಅಂಗಡಿಗೆ, ತರಕಾರಿಗೆ ಯುಪಿಐ ಬಳಸುತ್ತೇನೆ, ಆದರೆ ಅದಕ್ಕೆ ಉಳಿತಾಯದ ದೊಡ್ಡ ಖಾತೆಯನ್ನು ಜೋಡಿಸುವುದಿಲ್ಲ. ತಿಂಗಳ ಖರ್ಚಿನಷ್ಟೇ ಇರುವ ಇನ್ನೊಂದು ಖಾತೆ ಸಾಕು. ಕಾರ್ಡಿಗೆ ಬ್ಯಾಂಕು ಆ್ಯಪ್ ಒಪ್ಪಿಗೆಯ ಆಯ್ಕೆ ಕೊಟ್ಟರೆ ಒಟಿಪಿಗಿಂತ ಅದನ್ನೇ ಆರಿಸುತ್ತೇನೆ.

ಏನಾದರೂ ಎಡವಟ್ಟಾದರೆ ಮೊದಲು ಬ್ಯಾಂಕಿಗೆ, ಜೊತೆಗೇ 1930ಕ್ಕೆ ಕರೆ ಮಾಡಿ. cybercrime.gov.in ತಾಣದಲ್ಲೂ ದೂರು ಹಾಕಬಹುದು. ಹೊತ್ತು ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿ, ನೀವು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಒಟಿಪಿ ಅಥವಾ ಪಿನ್ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಅಂದರೆ ನಾಚಿಕೆಯಿಂದ ಅರ್ಧ ದಿನ ಸುಮ್ಮನಿದ್ದರೆ ಆ ಅರ್ಧ ದಿನದ ಲೆಕ್ಕವೂ ನಿಮ್ಮ ತಲೆಗೇ. ಕರೆ ಮಾಡಿದ ಸಮಯ, ದೂರಿನ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ.

ಕೊನೆಗೆ ಮಗಳಿಗೊಂದು ಮಾತು, ಇದು ನಾನೇ ಪಟ್ಟ ಪಾಡು. ಹೊಸ ಫೋನ್ ಬಂತು ಅಂತ ಹಳೆಯದನ್ನು ಅಳಿಸಿ ತಮ್ಮನ ಮಗನಿಗೆ ಕೊಟ್ಟುಬಿಟ್ಟೆ. ಕಾಂಟ್ಯಾಕ್ಟು, ಫೋಟೋ ಎಲ್ಲ ಹೊಸದಕ್ಕೆ ಬಂದವು, ಬ್ಯಾಂಕಿನ ಕೀಲಿ ಬರಲಿಲ್ಲ. ಬರಬಾರದು ಕೂಡ, ಅದರ ಹೆಚ್ಚುಗಾರಿಕೆಯೇ ಅದು. ಹೊಸ ಫೋನನ್ನು ಒಪ್ಪಲು ಆ್ಯಪ್ ಹಳೇ ಫೋನಿನಲ್ಲಿ ‘ಅಪ್ರೂವ್’ ಒತ್ತಿ ಅಂತ ಕೇಳುತ್ತಿತ್ತು. ಶಾಖೆಗೆ ಎರಡು ಸಲ ಅಲೆದಮೇಲೆ ಸರಿಹೋಯಿತು. ಆಕೆ ಫೋನ್ ಬದಲಾಯಿಸುವುದಾದರೆ ಮೊದಲು ಹೊಸದನ್ನು ಬ್ಯಾಂಕಿನ ಆ್ಯಪಿನಲ್ಲಿ ನೋಂದಾಯಿಸಿ, ಒಂದು ಸಣ್ಣ ಪಾವತಿ ಮಾಡಿ ನೋಡಿ, ಆಮೇಲೆ ಹಳೆಯದನ್ನು ಅಳಿಸಲಿ. ಊರಿಗೆ ಹೊರಡುವ ವಾರದಲ್ಲಂತೂ ಫೋನ್ ಬದಲಾಯಿಸುವುದು ಬೇಡ. ಆ ಅಂಚೆ ಕಾಗದ ಹೋಗುವುದು ಜರ್ಮನಿಯ ವಿಳಾಸಕ್ಕೆ.